ಬೇವೋ ಹುಚ್ಚುಬೇವೋ? ಎಲೆಯಂಚು, ಹೂಗೊಂಚಲು, ಹಣ್ಣಿನ ಬಣ್ಣ ನೋಡಿ ಹೇಳುವುದು ಹೇಗೆ

ಮೈಸೂರು, ಮಂಡ್ಯ ಕಡೆ ಬೇವಿನ ಮರ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ವರ್ಷಕ್ಕೆ ಎರಡು ಸಲ ಗೊಂದಲ ಶುರುವಾಗುತ್ತದೆ. ಒಂದು, ಯುಗಾದಿಗೆ ಹೂವು ಕೀಳುವಾಗ. ಇನ್ನೊಂದು, ಗಿಡದ ಹುಳಕ್ಕೆ ಹೊಡೆಯುವ ಕಷಾಯಕ್ಕೆ ಅಂತ ಬೇವಿನ ಬೀಜ ಆಯುವಾಗ. ಏಕೆಂದರೆ ಪಾರ್ಕಿನ ಮೂಲೆಯಲ್ಲೋ, ಬೇಲಿ ಸಾಲಿನಲ್ಲೋ ಬೇವಿನ ಹಾಗೇ ಕಾಣುವ ಇನ್ನೊಂದು ಮರ ನಿಂತಿರುತ್ತದೆ. ಹುಚ್ಚುಬೇವು ಅಂತಾರೆ, ಕೆಲವರು ಬೆಟ್ಟದ ಬೇವು ಅಂತಾರೆ. ನಾನು ಇಲ್ಲಿ ಹುಚ್ಚುಬೇವು ಅಂತಲೇ ಬರೆಯುತ್ತೇನೆ. ಸಸ್ಯಶಾಸ್ತ್ರದ ಹೆಸರು ಮೀಲಿಯಾ ಅಝೆಡರಾಕ್. ನಮ್ಮ ಕಹಿಬೇವು ಅಝಾಡಿರಾಕ್ಟಾ ಇಂಡಿಕಾ. ಎರಡೂ ಒಂದೇ ಕುಟುಂಬದವು. 1753ರಲ್ಲಿ ಲಿನ್ನೇಯಸ್ ಹೆಸರಿಟ್ಟಾಗ ಎರಡನ್ನೂ ಮೀಲಿಯಾ ಎಂಬ ಒಂದೇ ಗುಂಪಿಗೆ ಹಾಕಿದ್ದ. ಬೇವು ತನ್ನದೇ ಬೇರೆ ಗುಂಪಿಗೆ ಹೋಗಿದ್ದು 1830ರಲ್ಲಿ. ಹಾಗಾಗಿ ರಸ್ತೆಯಲ್ಲಿ ಹೋಗುವವರು ಎರಡನ್ನೂ ಒಂದೇ ಅಂದುಕೊಂಡರೆ ಅವರದ್ದೇನೂ ತಪ್ಪಿಲ್ಲ ಬಿಡಿ.

ಆದರೆ ಒಂದರ ಬದಲು ಇನ್ನೊಂದನ್ನು ಬಳಸಲು ಆಗಲ್ಲ. ಹುಚ್ಚುಬೇವಿನ ಹಣ್ಣು ವಿಷ. ಬೀಜವನ್ನು ಬೇವಿನ ಲೆಕ್ಕದಲ್ಲಿ ಅರೆದು ಗಿಡಕ್ಕೆ ಹೊಡೆಯುವುದೂ ಸರಿಯಲ್ಲ. ಅದಕ್ಕೆ ನೋಡಿ ಹೇಳುವುದನ್ನು ಕಲಿತುಬಿಟ್ಟರೆ ಆಯಿತು, ಕಷ್ಟ ಏನಿಲ್ಲ.

ಎಲೆ: ಅಂಚಿಗಿಂತ ಮೊದಲು ಕಡ್ಡಿ ನೋಡಿ

ಬೇವಿನ ಎಲೆಯಂಚು ಗರಗಸದ ಹಾಗೆ ಇರುತ್ತದೆ, ಅದರಿಂದ ಗುರುತು ಹಿಡಿಯಬಹುದು ಅಂತ ಎಲ್ಲರೂ ಹೇಳುತ್ತಾರೆ. ಮಾತು ಸರಿ. ಆದರೆ ಅರ್ಧ ಸರಿ. ಹುಚ್ಚುಬೇವಿನ ಎಲೆಯಂಚಿಗೂ ಹಲ್ಲಿದೆ. ಹಲ್ಲು ಇದೆಯಾ ಇಲ್ಲವಾ ಅಂತ ನೋಡಿದರೆ ಎರಡೂ ಮರ ಪಾಸಾಗುತ್ತವೆ.

ಅದಕ್ಕೇ ಮೊದಲು ನೋಡಬೇಕಾದ್ದು ಎಲೆ ಹೇಗೆ ಕವಲೊಡೆದಿದೆ ಅನ್ನುವುದು. ಬೇವಿನಲ್ಲಿ ಕೊಂಬೆಯಿಂದ ಒಂದು ಉದ್ದ ಕಡ್ಡಿ ಬರುತ್ತದೆ. ಅದರ ಎರಡೂ ಪಕ್ಕ ಕಿರುಎಲೆಗಳು ನೇರವಾಗಿ ಅಂಟಿಕೊಂಡಿರುತ್ತವೆ. ಅಷ್ಟೇ, ಬೇರೆ ಕವಲಿಲ್ಲ. ಹುಚ್ಚುಬೇವಿನಲ್ಲಿ ಆ ಕಡ್ಡಿಯಿಂದ ಎರಡೂ ಪಕ್ಕ ಸಣ್ಣ ಸಣ್ಣ ಕಡ್ಡಿಗಳು ಹೊರಡುತ್ತವೆ, ಕಿರುಎಲೆಗಳು ಇರುವುದು ಆ ಸಣ್ಣ ಕಡ್ಡಿಗಳ ಮೇಲೆ. ಕೆಲವು ಎಲೆಗಳಲ್ಲಿ ಬುಡದ ಕವಲು ಇನ್ನೊಂದು ಸಲವೂ ಒಡೆದಿರುತ್ತದೆ. ಅಂದರೆ ಬೇವಿನದು ಒಂದೇ ಸಲ ಒಡೆದ ಎಲೆ, ಹುಚ್ಚುಬೇವಿನದು ಎರಡು, ಕೆಲವೊಮ್ಮೆ ಮೂರು ಸಲ ಒಡೆದ ಎಲೆ.

ಇಲ್ಲಿ ಒಂದು ಮೋಸ ಇದೆ. ಹುಚ್ಚುಬೇವಿನ ಆ ಸಣ್ಣ ಕಡ್ಡಿಯೊಂದನ್ನು ಮುರಿದು ಕೈಯಲ್ಲಿ ಹಿಡಿದರೆ ಅದು ಸಣ್ಣ ಬೇವಿನ ಎಲೆಯ ಹಾಗೇ ಕಾಣುತ್ತದೆ. ಯಾರಾದರೂ ಒಂದು ತುಂಡು ಕಿತ್ತು ತಂದು 'ಇದು ಬೇವಾ ನೋಡಿ' ಅಂದರೆ ಎಂಥವರೂ ಹೂಂ ಅಂದುಬಿಡುತ್ತಾರೆ. ಹಾಗಾಗದೆ ಇರಲು ಎಲೆ ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತಿರಬೇಕು. ಅದಕ್ಕೆ ಮೊಗ್ಗು ಹುಡುಕಿ. ನಿಜವಾದ ಎಲೆಯ ಬುಡ ಕೊಂಬೆಗೆ ಸೇರುವ ಮೂಲೆಯಲ್ಲಿ ಪುಟ್ಟ ಮೊಗ್ಗೊಂದು ಕೂತಿರುತ್ತದೆ. ಮುಂದೆ ಚಿಗುರೋ ಹೂವೋ ಬರುವುದು ಅಲ್ಲಿಂದಲೇ. ಕಿರುಎಲೆಯ ಬುಡದಲ್ಲಾಗಲಿ, ಒಳಗಿನ ಸಣ್ಣ ಕಡ್ಡಿಯ ಬುಡದಲ್ಲಾಗಲಿ ಅದು ಇರುವುದಿಲ್ಲ. ಮೊಗ್ಗು ಸಿಕ್ಕ ಜಾಗದಿಂದ ತುದಿಯವರೆಗೆ ಇರುವುದೆಲ್ಲ ಸೇರಿ ಒಂದು ಎಲೆ. ಈಗ ಕವಲು ಎಷ್ಟು ಸಲ ಒಡೆದಿದೆ ಅಂತ ಎಣಿಸಿ. ಎಲೆ ಇರುವ ಕಾಲದಲ್ಲಿ ಇದೊಂದೇ ಸಾಕು, ಬೇರೆ ಯಾವ ಗುರುತೂ ಬೇಡ ಅಂತ ನನಗನ್ನಿಸುತ್ತದೆ.

ಇನ್ನು ಅಂಚು. ಬೇವಿನ ಒಂದು ಕಿರುಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ಐದಾರು ಸೆಂಟಿಮೀಟರ್ ಉದ್ದ ಇರುತ್ತದೆ, ಕುಡುಗೋಲಿನ ಹಾಗೆ ಒಂದು ಕಡೆಗೆ ಬಾಗಿರುತ್ತದೆ. ನಡುವಿನ ನರ ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು. ಬುಡದಲ್ಲಂತೂ ಈ ವ್ಯತ್ಯಾಸ ಎದ್ದು ಕಾಣುತ್ತದೆ: ಒಂದು ಪಕ್ಕದ ಹಸಿರು ತೊಟ್ಟಿನ ಹತ್ತಿರವೇ ಶುರುವಾದರೆ ಇನ್ನೊಂದು ಪಕ್ಕದ್ದು ಸ್ವಲ್ಪ ಮೇಲೆ ಹೋಗಿ ಶುರುವಾಗುತ್ತದೆ. ಹಲ್ಲುಗಳು ದಪ್ಪ, ಚೂಪು, ತುದಿಯ ಕಡೆಗೆ ಮುಖ ಮಾಡಿ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲಾಗಿ ಇರುತ್ತವೆ. ಬಲಿತ ಎಲೆಗೆ ಹೊಳಪೂ ಇರುತ್ತದೆ.

ಹುಚ್ಚುಬೇವಿನ ಕಿರುಎಲೆ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು, ತೆಳು, ಹೆಚ್ಚು ಬಾಗಿರುವುದಿಲ್ಲ. ನರ ಬಹುತೇಕ ನಡುವೆ ಹೋಗುತ್ತದೆ. ಹಲ್ಲುಗಳಿಗೆ ಶಿಸ್ತಿಲ್ಲ. ಒಂದು ಆಳ, ಒಂದು ಮೇಲುಮೇಲೆ, ಒಂದು ಕಡೆ ಎಲೆಯೇ ಸೀಳಿದ ಹಾಗೆ ಒಳಕ್ಕೆ ಹೋಗಿರುತ್ತದೆ. ಒಂದೇ ಮರದಲ್ಲಿ ಒಂದು ಎಲೆಗೆ ಹಲ್ಲು ಜಾಸ್ತಿ, ಪಕ್ಕದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಒಂದೇ ಕಿರುಎಲೆ ನೋಡಿ ತೀರ್ಮಾನಕ್ಕೆ ಬರಬೇಡಿ, ಬೇರೆ ಬೇರೆ ಕೊಂಬೆಯದ್ದು ನಾಲ್ಕೈದು ನೋಡಿ. ಕಡ್ಡಿಯ ತುದಿಯೂ ಸ್ವಲ್ಪ ಸಹಾಯ ಮಾಡುತ್ತದೆ: ಹುಚ್ಚುಬೇವಿನಲ್ಲಿ ತುದಿಗೊಂದು ಕಿರುಎಲೆ ಇದ್ದೇ ಇರುತ್ತದೆ, ಬೇವಿನಲ್ಲಿ ಅನೇಕ ಸಲ ತುದಿಯದ್ದು ಇರುವುದಿಲ್ಲ, ಕೊನೆಯ ಜೋಡಿಗೇ ಮುಗಿದುಹೋಗುತ್ತದೆ.

ಅಗಿದು ನೋಡುವವರೂ ಇದ್ದಾರೆ. ಬೇಡ. ಎರಡೂ ಕಹಿ. ಕಹಿಯಿಂದ ಏನೂ ಗೊತ್ತಾಗಲ್ಲ.

ಹೂವು: ಎಸಳಿನ ಬಣ್ಣ ನಂಬಬೇಡಿ, ನಡುವಿನ ಕೊಳವೆ ನೋಡಿ

ಯುಗಾದಿ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬರುತ್ತದೆ. ಬೇವು ಹೂ ಬಿಡುವುದೂ ಆಗಲೇ. ಹುಚ್ಚುಬೇವೂ ಹೆಚ್ಚುಕಡಿಮೆ ಅದೇ ಸಮಯಕ್ಕೆ ಹೂ ಬಿಡುತ್ತದೆ, ಅದೇ ತೊಂದರೆ. ಎರಡಕ್ಕೂ ಪರಿಮಳವೂ ಇದೆ.

ಬೇವಿನ ಹೂಗೊಂಚಲು ಎಲೆಯ ಬುಡದ ಮೂಲೆಯಿಂದ ಹೊರಟು ಜೋತುಬೀಳುತ್ತದೆ, ಒಂದು ಗೇಣಿನಷ್ಟು ಉದ್ದವೂ ಇರಬಹುದು. ಆದರೆ ಎಲೆಗಳ ನಡುವೆ ಸೇರಿಕೊಂಡಿರುವುದರಿಂದ ದೂರದಿಂದ ಅಷ್ಟು ಕಣ್ಣಿಗೆ ಬೀಳಲ್ಲ. ಮರದ ಕೆಳಗೆ ನಿಂತರೆ ಮೊದಲು ವಾಸನೆ ಬರುತ್ತದೆ, ಆಮೇಲೆ ನೆಲದ ಮೇಲೆ ಉದುರಿದ ಬಿಳಿ ಹೂ ಕಾಣುತ್ತದೆ. ಒಂದು ಹೂವು ಒಂದು ಸೆಂಟಿಮೀಟರಿಗಿಂತ ದೊಡ್ಡದಿರುವುದಿಲ್ಲ. ಐದು ಎಸಳು, ಬಿಳಿ ಅಥವಾ ಕೆನೆ ಬಣ್ಣ. ನಡುವೆ ನೆಟ್ಟಗೆ ನಿಂತ ಒಂದು ಪುಟ್ಟ ಕೊಳವೆ, ಅದೂ ಬಿಳಿಯೇ.

ಹುಚ್ಚುಬೇವಿನ ಗೊಂಚಲು ಹೊಸ ಚಿಗುರಿನ ಜೊತೆ ಕೊಂಬೆಯ ತುದಿಯ ಕಡೆ ಬರುತ್ತದೆ. ಹೂವು ಬೇವಿನದಕ್ಕಿಂತ ದೊಡ್ಡದು, ಎರಡು ಸೆಂಟಿಮೀಟರ್ ಹತ್ತಿರ ಹೋಗುತ್ತದೆ. ಎಸಳು ಕಿರಿದು, ತಿಳಿ ನೇರಳೆ. ಮರ ತುಂಬಾ ಬಿಟ್ಟಾಗ ದೂರಕ್ಕೇ ನೇರಳೆ ಮಂಜು ಕವಿದ ಹಾಗೆ ಕಾಣುತ್ತದೆ, ಆಗ ಯಾರಿಗೂ ಅನುಮಾನ ಬರಲ್ಲ. ಅನುಮಾನ ಬರುವುದು ಹೂವು ಹಳೆಯದಾದ ಮೇಲೆ. ಎಸಳಿನ ನೇರಳೆ ಮಾಸುತ್ತಾ ಬಂದು ಬಿಸಿಲಲ್ಲಿ ಬಿಳಿಯ ಹಾಗೇ ಕಾಣುತ್ತದೆ. ಕೆಳಗಿನಿಂದ ಕತ್ತೆತ್ತಿ ನೋಡಿದವರು 'ಬಿಳಿ ಹೂವು ಅಲ್ವಾ, ಬೇವೇ' ಅಂದುಬಿಡುತ್ತಾರೆ.

ಆಗ ಒಂದು ಹೂವನ್ನು ಕೈಗೆ ತಗೊಂಡು ನಡುವಿನ ಕೊಳವೆ ನೋಡಬೇಕು. ಎಸಳು ಎಷ್ಟೇ ಮಾಸಿರಲಿ, ಹುಚ್ಚುಬೇವಿನ ಕೊಳವೆ ಕಡು ನೇರಳೆಯಾಗಿಯೇ ಇರುತ್ತದೆ, ಬಾಯಿಯ ಹತ್ತಿರ ಸಣ್ಣ ಸಣ್ಣ ಎಳೆಗಳಾಗಿ ಸೀಳಿರುತ್ತದೆ, ಒಳಗೆ ಹಳದಿ ಪರಾಗದ ಚೀಲಗಳು ಕಾಣುತ್ತವೆ. ಬೇವಿನ ಹೂವಿನಲ್ಲಿ ನೇರಳೆಯ ಸುಳಿವೇ ಇರಲ್ಲ. ಬೇವು-ಬೆಲ್ಲಕ್ಕೆ ಹೂವು ಬಿಡಿಸುವ ಮೊದಲು ಇದೊಂದು ಪರೀಕ್ಷೆ ಮಾಡಿ. ಮರದ ಕೆಳಗೆ ಚಾದರ ಹಾಸಿ ಕೊಂಬೆ ಅಲುಗಿಸುವವರು ಅಲುಗಿಸುವ ಮೊದಲೇ ಮಾಡಿ, ಯಾಕಂದರೆ ಉದುರಿ ಬಾಡಿದ ಮೇಲೆ ಎರಡನ್ನೂ ಬೇರೆ ಮಾಡುವುದು ತಲೆನೋವು.

ಹಣ್ಣು: ಎರಡೂ ಹಳದಿ, ಆದರೆ ಹಳದಿಯಾಗುವ ಕಾಲ ಬೇರೆ

ಇಲ್ಲೇ ಜನ ಹೆಚ್ಚು ಎಡವುವುದು. ಬೇವಿನ ಕಾಯಿ ಹಸಿರು, ಹಣ್ಣಾದರೆ ಹಳದಿ. ಹುಚ್ಚುಬೇವಿನ ಕಾಯಿಯೂ ಹಸಿರು, ಹಣ್ಣಾದರೆ ಹಳದಿ. ಬರೀ ಬಣ್ಣದ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಯಾವ ತಿಂಗಳಲ್ಲಿ ಹಳದಿ, ಹಳದಿಯಾದ ಮೇಲೆ ಏನಾಗುತ್ತದೆ ಅನ್ನುವುದು ಮುಖ್ಯ.

ಒಂದು ಉದಾಹರಣೆ ಹೇಳುತ್ತೇನೆ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮ ಭಾವ ಇದ್ದಾರೆ, ತರಕಾರಿ ಬೆಳೆಯುತ್ತಾರೆ. ಒಂದು ಜನವರಿಯಲ್ಲಿ ಫೋನ್ ಮಾಡಿದರು. "ನಾಲೆ ಪಕ್ಕ ಬೇವಿನ ಮರ ತುಂಬಾ ಹಣ್ಣು ಬಿಟ್ಟೈತೆ ಕಣಪ್ಪಾ, ಆಳು ಬಿಟ್ಟು ಆಯಿಸಿಬಿಡೋಣ ಅಂತಿದ್ದೀನಿ, ಕಷಾಯಕ್ಕೆ ಆಯ್ತದೆ" ಅಂದರು. ವಾಟ್ಸಾಪ್‌ನಲ್ಲಿ ಫೋಟೋನೂ ಕಳಿಸಿದರು. "ಭಾವ, ಜನವರಿಯಲ್ಲಿ ಬೇವು ಎಲ್ಲಿ ಹಣ್ಣು ಬಿಡುತ್ತೆ ಹೇಳಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಲ್ವಾ, ನಮ್ಮ ಮನೆ ಮುಂದಿನದು ಮಳೆಗಾಲಕ್ಕೆ ಉದುರ್ತದೆ" ಅಂದರು.

ಫೋಟೋದಲ್ಲೇ ಉತ್ತರ ಇತ್ತು. ಮರದಲ್ಲಿ ಎಲೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ ಕೊಂಬೆಗಳಿಗೆ ಹಳದಿ ಗೊಂಚಲುಗಳು ನೇತಾಡುತ್ತಿವೆ. ಹುಚ್ಚುಬೇವು ಚಳಿಗಾಲದಲ್ಲಿ ಎಲೆ ಉದುರಿಸಿಕೊಂಡು ನಿಲ್ಲುತ್ತದೆ, ಹಣ್ಣು ಮಾತ್ರ ತಿಂಗಳುಗಟ್ಟಲೆ ಮರದಲ್ಲೇ ಉಳಿಯುತ್ತದೆ. ಹೊಸ ಹೂವು ಬರುವಾಗಲೂ ಹಳೆಯ ಹಣ್ಣಿನ ಗೊಂಚಲು ಅಲ್ಲೇ ಇರುವುದುಂಟು. ಬೇವು ಹಾಗಲ್ಲ. ಅದರ ಹಣ್ಣು ನಮ್ಮ ಕಡೆ ಜೂನ್, ಜುಲೈ ಹೊತ್ತಿಗೆ ಮಾಗುತ್ತದೆ, ಮಾಗಿದ್ದು ಬೇಗ ಉದುರುತ್ತದೆ, ಉಳಿದದ್ದನ್ನು ಕಾಗೆ, ಗೊರವಂಕ, ಬಾವಲಿ ಖಾಲಿ ಮಾಡುತ್ತವೆ. ಎಲೆಯೂ ಹಾಗೇ: ಬೇಸಿಗೆ ಶುರುವಿನಲ್ಲಿ ಹಳೆ ಎಲೆ ಉದುರಿದರೂ ಹಿಂದೆಯೇ ಕೆಂಪು ಛಾಯೆಯ ಚಿಗುರು ಬಂದುಬಿಡುತ್ತದೆ, ತಿಂಗಳುಗಟ್ಟಲೆ ಬರಿದಾಗಿ ನಿಲ್ಲುವ ಅಭ್ಯಾಸ ಅದಕ್ಕಿಲ್ಲ.

ಆ ವಾರ ಊರಿಗೆ ಹೋದಾಗ ಮರದ ಕೆಳಗೆ ಕೂತು ಹಣ್ಣು ಒಡೆದು ನೋಡಿದೆವು. ಆಕಾರವೇ ಬೇರೆ. ಬೇವಿನ ಹಣ್ಣು ಉದ್ದುದ್ದ, ಸಿಪ್ಪೆ ನುಣುಪು. ಎರಡು ಬೆರಳಿನಲ್ಲಿ ಹಿಚುಕಿದರೆ ಅಂಟಂಟು ತಿರುಳಿನ ಜೊತೆ ಬೀಜ ಚಿಮ್ಮಿ ಹೊರಬರುತ್ತದೆ. ಈ ನಾಲೆ ಪಕ್ಕದ ಹಣ್ಣು ದುಂಡಗಿತ್ತು, ಸಿಪ್ಪೆ ಸುಕ್ಕುಗಟ್ಟಿತ್ತು, ಹಳದಿಯೂ ಬಾಡಿದ ಹಳದಿ, ಕೆಲವು ಬಿಳಿಚಿಕೊಂಡಿದ್ದವು. ಹಿಚುಕಿದರೆ ಏನೂ ಚಿಮ್ಮಲಿಲ್ಲ. ಒಣಗಿದ ತೆಳು ತಿರುಳು ಕೆರೆದು ತೆಗೆದರೆ ಒಳಗೆ ಗಟ್ಟಿ ಗೊರಟೆ, ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ ಐದಾರು ಏಣು. ಎರಡೂ ತುದಿಯಲ್ಲಿ ಗುಳಿ, ಕಡ್ಡಿ ಚುಚ್ಚಿದರೆ ಈ ಕಡೆಯಿಂದ ಆ ಕಡೆಗೆ ಹೊರಬರುತ್ತದೆ. ಜಪಮಾಲೆ ಮಾಡುವವರಿಗೆ ತೂತು ಕೊರೆಯುವ ಕೆಲಸವೇ ಇಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಮಣಿಮರ ಅಂತ ಅರ್ಥ ಬರುವ ಹೆಸರಿರುವುದೂ ಇದರಿಂದಲೇ. ಕಲ್ಲಿನಲ್ಲಿ ಜಜ್ಜಿದರೆ ಒಳಗೆ ಬೇರೆ ಬೇರೆ ಕೋಣೆ, ಒಂದೊಂದರಲ್ಲಿ ಒಂದೊಂದು ಸಣಕಲು ಕಪ್ಪು ಬೀಜ. ಬೇವಿನ ಗೊರಟೆಯಲ್ಲಿ ಹೀಗಿರಲ್ಲ. ಅದರ ಓಡು ತೆಳು, ಏಣಿಲ್ಲ, ಒಳಗೆ ಸಾಮಾನ್ಯವಾಗಿ ಒಂದೇ ಬೀಜ, ಅದನ್ನು ಉಗುರಿನಿಂದ ಒತ್ತಿದರೆ ಎಣ್ಣೆ ಜಿನುಗುತ್ತದೆ.

ಭಾವ ಜಜ್ಜಿದ್ದನ್ನು ನೋಡಿ, "ಇದನ್ನ ಅರೆಯೋಕೆ ನಮ್ಮ ಮಿಕ್ಸಿ ಸಾಲ್ತಿರಲಿಲ್ಲ ಬಿಡು" ಅಂದರು. ಆಳು ಕರೆಸುವುದು ಅಲ್ಲಿಗೆ ನಿಂತಿತು.

ಬೀಜ ಬದಲಾದರೆ ಏನಾಗುತ್ತದೆ

ಬೇವಿನ ಬೀಜದ ಕಷಾಯಕ್ಕೆ ಒಂದು ಲೆಕ್ಕ ಇದೆ. ಶೇಕಡಾ 5ರ ಕಷಾಯ ಅಂದರೆ 100 ಲೀಟರ್ ನೀರಿಗೆ 5 ಕೆಜಿ ಬೀಜದ ತಿರುಳು. ಮನೆಯ ಕುಂಡಗಳಿಗಾದರೆ ಲೀಟರಿಗೆ 50 ಗ್ರಾಂ. ನೆರಳಿನಲ್ಲಿ ಒಣಗಿಸಿದ ಬೀಜದ ಓಡು ತೆಗೆದು, ತಿರುಳು ಪುಡಿ ಮಾಡಿ, ಸ್ವಲ್ಪ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಉಳಿದ ನೀರು ಮತ್ತು ಒಂದಿಷ್ಟು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಹೊಡೆಯುವುದು. ಈ ಪ್ರಮಾಣ ನಿಂತಿರುವುದು ಬೇವಿನ ಬೀಜದಲ್ಲಿರುವ ಅಝಾಡಿರಾಕ್ಟಿನ್ ಮೇಲೆ. ಹುಚ್ಚುಬೇವಿನ ಹಣ್ಣಿನಲ್ಲೂ ಕೀಟಕ್ಕೆ ಆಗದ ಅಂಶಗಳು ಇವೆ, ಇಲ್ಲ ಅಂತಲ್ಲ. ಆದರೆ ಅವು ಬೇರೆ, ಈ 5 ಕೆಜಿ ಲೆಕ್ಕ ಅದಕ್ಕೆ ಕೂಡಲ್ಲ. ಅದರ ಮೇಲೆ ಸೊಪ್ಪಿಗೋ ತರಕಾರಿಗೋ ಹೊಡೆಯುವುದು ಅಂದರೆ ತಿನ್ನುವ ವಸ್ತುವಿನ ಮೇಲೆ ವಿಷದ ಹಣ್ಣಿನ ರಸ ಹಾಕಿದ ಹಾಗೆ. ನಾನಂತೂ ಮಾಡಲ್ಲ.

ವಿಷ ಅಂದಿದ್ದು ಹೆದರಿಸಲಿಕ್ಕೆ ಅಲ್ಲ. ಹುಚ್ಚುಬೇವಿನ ಹಣ್ಣಿನಲ್ಲಿ ಮೀಲಿಯಾಟಾಕ್ಸಿನ್ ಎಂಬ ವಿಷಗಳಿವೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ, ಜಾಸ್ತಿಯಾದರೆ ನರಗಳಿಗೂ ತೊಂದರೆ. ಹಂದಿಗಳಿಗೆ ಬೇಗ ತಟ್ಟುತ್ತದೆ, ಸತ್ತ ಉದಾಹರಣೆಗಳಿವೆ. ಹಕ್ಕಿಗಳು ಮಾತ್ರ ತಿಂದು ಹಾರಿಹೋಗುತ್ತವೆ, ಹಾಗಾಗಿ 'ಹಕ್ಕಿ ತಿನ್ನುತ್ತೆ, ಏನಾಗಲ್ಲ' ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಮರ ಅಂಗಳದಲ್ಲಿದ್ದರೆ ಕಡಿಯಬೇಕಾಗಿಲ್ಲ. ಆದರೆ ಚಳಿಗಾಲದಲ್ಲಿ ಬಿದ್ದ ಹಣ್ಣು ಗುಡಿಸಿ ತೆಗೆಯಿರಿ, ಸಣ್ಣ ಮಕ್ಕಳು ಆಟಕ್ಕೆ ಆಯ್ದು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಮಗು ತಿಂದಿದೆ ಅನ್ನಿಸಿದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ, ಹಣ್ಣಿರುವ ಒಂದು ರೆಂಬೆಯನ್ನೂ ತೆಗೆದುಕೊಂಡು ಹೋಗಿ. ಹಾಗಂತ ಕಹಿಬೇವು ಪೂರ್ತಿ ಸಾಧು ಅಂತಲೂ ಅಲ್ಲ. ಬೇವಿನ ಎಣ್ಣೆಯನ್ನು ಎಳೆ ಮಕ್ಕಳಿಗೆ ಕುಡಿಸಿ ಅಪಾಯವಾದದ್ದುಂಟು.

ಮಾರುವವರಿಂದ ಬೀಜ ಕೊಳ್ಳುತ್ತಿದ್ದರೆ ಚೀಲದಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದು ಪೇಪರಿನ ಮೇಲೆ ಹರಡಿ. ಉದ್ದುದ್ದ, ಏಣಿಲ್ಲದ ಬೀಜದ ನಡುವೆ ದುಂಡಗೆ, ಏಣೆದ್ದ, ತುದಿಯಲ್ಲಿ ಗುಳಿ ಇರುವ ಗೊರಟೆ ಕಂಡರೆ ಬೆರಕೆ ಅಂತ ಅರ್ಥ. ಒಂದೆರಡು ಇದ್ದರೆ ಆಯ್ದು ಎಸೆಯಬಹುದು. ಜಾಸ್ತಿ ಇದ್ದರೆ ಚೀಲ ವಾಪಸ್ ಕೊಡಿ.

ಹೆಬ್ಬೇವು ಮತ್ತು ಸಸಿಗಳ ವಿಚಾರ

ಮೂರನೆಯದೊಂದು ಇದೆ, ಹೊಲಗಳಲ್ಲಿ ಸಾಲಾಗಿ ಹಾಕಿರುವ ಹೆಬ್ಬೇವು, ಪ್ಲೈವುಡ್‌ಗೆ ಹೋಗುವ ಮರ. ಅದು ಹುಚ್ಚುಬೇವಿನ ಹತ್ತಿರದ ನೆಂಟ. ನೆಟ್ಟಗೆ ಬೇಗ ಬೇಗ ಎತ್ತರಕ್ಕೆ ಹೋಗುತ್ತದೆ. ಅದರ ಹೂವಿಗೆ ಬಿಳಿಚು ಬಣ್ಣ, ಹಾಗಾಗಿ ನೇರಳೆ ಕೊಳವೆಯ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಆದರೆ ಎಲೆ ಎರಡು ಮೂರು ಸಲ ಒಡೆದಿರುತ್ತದೆ, ಹಣ್ಣು ಬೇವಿನದಕ್ಕಿಂತ ಚೆನ್ನಾಗಿಯೇ ದೊಡ್ಡದು. ಎಲೆಯ ಕವಲು ಎಣಿಸಿದರೆ ಇದೂ ಸಿಕ್ಕಿಬೀಳುತ್ತದೆ.

ಸಸಿ ಮಾತ್ರ ನಿಜಕ್ಕೂ ಕಷ್ಟ. ಮೊಳೆತ ಹೊಸದರಲ್ಲಿ ಬೇವಿನ ಎಲೆಯೂ ದೊಡ್ಡವರ ಹಾಗಿರಲ್ಲ, ಮೂರು ಮೂರು ಕಿರುಎಲೆ, ಅಂಚು ಆಳವಾಗಿ ಸೀಳಿರುತ್ತದೆ. ಹುಚ್ಚುಬೇವಿನ ಮರಿಗೂ ಸೀಳು ಎಲೆಯೇ. ಈ ಹಂತದಲ್ಲಿ ಅಂಚು ನೋಡಿ ಹೇಳಲು ಹೋಗಬೇಡಿ. ಬದಲಿಗೆ ಬುಡ ಕೆದಕಿ ನೋಡಿ. ಹುಚ್ಚುಬೇವಿನ ಒಂದು ಗೊರಟೆಯಲ್ಲಿ ಹಲವು ಬೀಜ ಇರುವುದರಿಂದ ಒಂದೇ ಜಾಗದಿಂದ ಮೂರ್ನಾಲ್ಕು ಸಸಿ ಗುಂಪಾಗಿ ಎದ್ದಿರುತ್ತವೆ, ಬುಡದಲ್ಲಿ ಆ ಏಣೆದ್ದ ಗೊರಟೆಯೂ ಸಿಗಬಹುದು. ಬೇವು ಸಾಮಾನ್ಯವಾಗಿ ಒಂಟಿಯಾಗಿ ಏಳುತ್ತದೆ. ಗೊರಟೆ ಸಿಗದಿದ್ದರೆ ಸಸಿ ಮೊಣಕಾಲೆತ್ತರ ಬರುವವರೆಗೆ ಕಾಯಿರಿ. ಅಷ್ಟರಲ್ಲಿ ಎಲೆಯ ಕಡ್ಡಿ ಒಂದೇ ಸಲ ಒಡೆಯುತ್ತದೋ ಎರಡನೇ ಸಲವೂ ಒಡೆಯುತ್ತದೋ ಕಂಡುಬಿಡುತ್ತದೆ.